ಎರಡು ಸಾವಿರ ಸಾಲಿಗಾಗಿ ಮೂರು ಕೋಟಿ ಸಾಲು ಓದಿದ ಕಂಪ್ಯೂಟರ್

2017ರ ಜೂನ್ ತಿಂಗಳ ನಡುವಿನ ಒಂದು ಬೆಳಿಗ್ಗೆ ಫೋನ್ ಬಂತು. ಮಾತಾಡಿದವರು ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. "ಸಾರ್, ಬಟವಾಡೆ ಲಿಸ್ಟ್ ಬತ್ತಾನೇ ಇಲ್ಲ. ಚಕ್ರ ತಿರುಗ್ತಾನೇ ಐತೆ. ಆಚೆ ಜಗುಲಿ ಮ್ಯಾಲೆ ನಲವತ್ತು ಜನ ಕೂತವ್ರೆ, ಏನ್ ಹೇಳ್ಲಿ?" ಅದೇ ಹೊತ್ತಿಗೆ ಇನ್ನೂ ಮೂರು ಸಂಘಗಳಿಂದ ಇದೇ ದೂರು ಬಂದಿತ್ತು. ಹದಿನೈದು ದಿನ ಹಾಲು ಹಾಕಿದ ರೈತರಿಗೆ ಆ ದಿನ ದುಡ್ಡು ಕೈಸೇರಬೇಕು. ಯಾರು ಎಷ್ಟು ಲೀಟರ್ ಹಾಕಿದ್ದಾರೆ, ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡಿದ ಮೇಲೆ ಎಷ್ಟು ಮೊತ್ತವಾಗುತ್ತದೆ ಎಂಬ ಪಟ್ಟಿ ಕಂಪ್ಯೂಟರಿನಿಂದ ಬರಬೇಕು. ಆ ಪಟ್ಟಿ ಬರುತ್ತಿರಲಿಲ್ಲ. ಒಂದು ನಿಮಿಷ ಕಾದ ಮೇಲೆ ಬಿಳಿ ಪರದೆಯ ಮೇಲೆ 504 Gateway Time-out ಎಂದು ಮೂಡುತ್ತಿತ್ತು.

ಆ ತಂತ್ರಾಂಶವನ್ನು ನೋಡಿಕೊಳ್ಳುವ ಸಣ್ಣ ತಂಡದಲ್ಲಿ ನಾನಿದ್ದೆ. ಸಂಘದ ಹೆಸರು, ಒಕ್ಕೂಟದ ಹೆಸರು ಇಲ್ಲಿ ಬೇಡ. ಆದರೆ ಆ ಒಂದು ವಾರ ನಾವು ಕಂಡದ್ದನ್ನು ಬಿಡಿಸಿ ಹೇಳಬೇಕು. ಬ್ಯಾಂಕಿನ ಪಾಸ್‌ಬುಕ್ ವಿವರ, ಕರೆಂಟ್ ಬಿಲ್ಲಿನ ಹಳೆಯ ಲೆಕ್ಕ, ಶಾಲೆಯ ಹಾಜರಾತಿ ವರದಿ, ಯಾವುದೇ ಇರಲಿ, 'ಮೊದಲು ಚೆನ್ನಾಗಿತ್ತು, ಈಗ ಬಹಳ ನಿಧಾನ' ಎಂದು ಜನ ಹೇಳುವಾಗ ಒಳಗೆ ನಡೆಯುತ್ತಿರುವುದು ಎಷ್ಟೋ ಸಲ ಇದೇ ಆಗಿರುತ್ತದೆ.

ಮೊದಲು ಲೆಕ್ಕದ ಗಾತ್ರ ತಿಳಿಯಬೇಕು. ನಮ್ಮ ವ್ಯವಸ್ಥೆಯಲ್ಲಿ 200 ಸಂಘಗಳಿದ್ದವು. ಒಂದು ಸಂಘಕ್ಕೆ ಸರಾಸರಿ 75 ಜನ ಹಾಲು ಹಾಕುವವರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಒಬ್ಬರು ಒಂದು ಹೊತ್ತು ಕ್ಯಾನ್ ಹಿಡಿದು ಬಂದರೆ ಡೇಟಾಬೇಸಿನಲ್ಲಿ ಒಂದು ಸಾಲು ಹುಟ್ಟುತ್ತದೆ: ಯಾವ ಸಂಘ, ಯಾವ ಸದಸ್ಯ, ಯಾವ ದಿನ ಎಷ್ಟು ಹೊತ್ತಿಗೆ, ಎಷ್ಟು ಲೀಟರ್, ಫ್ಯಾಟ್ ಎಷ್ಟು, ಮೊತ್ತ ಎಷ್ಟು. ಅಂದರೆ ದಿನಕ್ಕೆ 30,000 ಸಾಲು, ವರ್ಷಕ್ಕೆ ಹತ್ತಿರ ಹತ್ತಿರ ಒಂದು ಕೋಟಿ ಹತ್ತು ಲಕ್ಷ. ವ್ಯವಸ್ಥೆ ಶುರುವಾಗಿ ಮೂರು ವರ್ಷವಾಗಿತ್ತು. ಟೇಬಲ್ಲಿನಲ್ಲಿ 3 ಕೋಟಿ 28 ಲಕ್ಷಕ್ಕೂ ಹೆಚ್ಚು ಸಾಲುಗಳು ಕೂತಿದ್ದವು.

ಇನ್ನು ಆ ಕಾರ್ಯದರ್ಶಿ ಕೇಳಿದ್ದೆಷ್ಟು? ಒಂದು ಸಂಘ, 75 ಜನ, ಎರಡು ಹೊತ್ತು, ಹದಿನೈದು ದಿನ. ಸುಮಾರು 2,250 ಸಾಲು. ಹದಿನಾಲ್ಕು ಸಾವಿರಕ್ಕೆ ಒಂದರಂತೆ ಬೇಕಾದ ಸಾಲು, ಉಳಿದದ್ದೆಲ್ಲ ಬೇರೆ ಊರಿನ, ಬೇರೆ ತಿಂಗಳ ಹಾಲು. ಈ 2,250 ಸಾಲನ್ನು ಹುಡುಕಲು ಕಂಪ್ಯೂಟರ್ ಎಷ್ಟು ಸಾಲು ಓದುತ್ತಿದೆ ಎಂಬುದನ್ನು ನಾವು ಮೊದಲೇ ಕೇಳಿಕೊಳ್ಳಬೇಕಿತ್ತು.

ಕೇಳಿಕೊಳ್ಳಲಿಲ್ಲ. ಮೊದಲ ದಿನ ಎಲ್ಲರ ಅನುಮಾನವೂ ಬೇರೆ ಕಡೆ ಹೋಯಿತು. ಹಳ್ಳಿಯ ನೆಟ್‌ವರ್ಕ್ ಸರಿಯಿಲ್ಲ ಎಂದು ಒಬ್ಬರು, ಸರ್ವರ್ ಹಳೆಯದಾಯಿತು ಎಂದು ಇನ್ನೊಬ್ಬರು. ಪ್ರೋಗ್ರಾಂ ಬರೆದವರ ಲ್ಯಾಪ್‌ಟಾಪಿನಲ್ಲಿ ಅದೇ ವರದಿ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿತ್ತು. ಬರದೇ ಏನು? ಅಲ್ಲಿದ್ದುದು ಪರೀಕ್ಷೆಗೆಂದು ತುಂಬಿದ ಐದು ಸಾವಿರ ಸಾಲು. ಐದು ಸಾವಿರ ಸಾಲನ್ನು ಹೇಗೆ ಓದಿದರೂ ಬೇಗ ಮುಗಿಯುತ್ತದೆ, ಅಲ್ಲಿ ಈ ರೋಗ ಕಾಣಿಸಿಕೊಳ್ಳುವುದೇ ಇಲ್ಲ.

ದಾರಿ ತೋರಿಸಿದ್ದು ಒಂದು ಸರಳ ಪರೀಕ್ಷೆ. ಜನ ಕಡಿಮೆ ಇದ್ದ ಮಧ್ಯಾಹ್ನ ಹದಿನೈದು ದಿನದ ವರದಿ ಕೇಳಿದೆವು: 48 ಸೆಕೆಂಡು. ಅದೇ ಸಂಘದ ಒಂದೇ ಒಂದು ದಿನದ ವರದಿ ಕೇಳಿದೆವು: 47 ಸೆಕೆಂಡು. ಬೇಕಾದ ಹಾಲಿನ ಲೆಕ್ಕ ಹದಿನೈದರಲ್ಲಿ ಒಂದು ಪಾಲಿಗೆ ಇಳಿದಿದೆ, ಕಾಯುವ ಹೊತ್ತು ಮಾತ್ರ ಅಷ್ಟೇ ಇದೆ. ಎಷ್ಟು ಕೇಳಿದರೂ ಒಂದೇ ಸಮಯ ಹಿಡಿಯುತ್ತದೆ ಎಂದರೆ, ಕೆಲಸ ನಾವು ಕೇಳಿದ್ದಕ್ಕೆ ತಕ್ಕಂತೆ ನಡೆಯುತ್ತಿಲ್ಲ, ಟೇಬಲ್ಲಿನ ಗಾತ್ರಕ್ಕೆ ತಕ್ಕಂತೆ ನಡೆಯುತ್ತಿದೆ. ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ತಂತ್ರಾಂಶ ಬಳಸುವ ಯಾರು ಬೇಕಾದರೂ ಕುರ್ಚಿಯಿಂದ ಏಳದೆ ಮಾಡಬಹುದು, ಮಾಡಿ ಹೇಳಿದರೆ ದುರಸ್ತಿ ಮಾಡುವವರ ಅರ್ಧ ದಿನ ಉಳಿಯುತ್ತದೆ.

ನಾವು ಬಳಸುತ್ತಿದ್ದ ಡೇಟಾಬೇಸ್ ಪೋಸ್ಟ್‌ಗ್ರೆಸ್, 9.5ನೆಯ ಆವೃತ್ತಿ. ವರದಿಗಾಗಿ ಅದಕ್ಕೆ ಹೋಗುತ್ತಿದ್ದ ಪ್ರಶ್ನೆ, ಅಂದರೆ ಕ್ವೆರಿ, ಹೀಗಿತ್ತು:

```sql
SELECT member_id, SUM(litres), SUM(amount)
FROM collection
WHERE society_id = 118
  AND to_char(collected_at, 'YYYY-MM-DD')
      BETWEEN '2017-06-01' AND '2017-06-15'
GROUP BY member_id;
```

ಓದಿದರೆ ತಪ್ಪೇನೂ ಕಾಣುವುದಿಲ್ಲ. 118ನೆಯ ಸಂಘ, ಜೂನ್ 1ರಿಂದ 15ರವರೆಗೆ, ಸದಸ್ಯರ ಪ್ರಕಾರ ಲೀಟರನ್ನೂ ಮೊತ್ತವನ್ನೂ ಕೂಡಿಸಿ ಕೊಡು. ಉತ್ತರವೂ ಸರಿಯಾಗಿಯೇ ಬರುತ್ತಿತ್ತು. ಆದರೆ ಕ್ವೆರಿಯಲ್ಲಿ ಏನು ಬೇಕು ಎಂದಷ್ಟೇ ಇರುತ್ತದೆ. ಅದನ್ನು ಹೇಗೆ ಹುಡುಕುವುದು ಎಂಬುದನ್ನು ಡೇಟಾಬೇಸ್ ತಾನೇ ತೀರ್ಮಾನಿಸುತ್ತದೆ. ಆ ತೀರ್ಮಾನವನ್ನು ನೋಡಲು ಕ್ವೆರಿಯ ಮುಂದೆ `EXPLAIN (ANALYZE, BUFFERS)` ಎಂದು ಸೇರಿಸಿ ನಡೆಸಬೇಕು. ಆಗ ಬಂದ ಉತ್ತರದಲ್ಲಿ ಮುಖ್ಯವಾದ ಮೂರು ಸಾಲು ಇವು:

```
Seq Scan on collection (... rows=2238 loops=1)
  Rows Removed by Filter: 32847762
  Buffers: shared hit=312 read=468974
```

`Seq Scan` ಎಂದರೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದನ್ನೂ ಬಿಡದೆ ಓದುವುದು. ಎರಡನೆಯ ಸಾಲು ಇನ್ನೂ ನೇರವಾಗಿದೆ: 2,238 ಸಾಲು ಇಟ್ಟುಕೊಂಡೆ, 3 ಕೋಟಿ 28 ಲಕ್ಷ 47 ಸಾವಿರದ 762 ಸಾಲನ್ನು ಓದಿ, ನೋಡಿ, ಬದಿಗಿಟ್ಟೆ. ಒಂದೊಂದು ಬಟವಾಡೆ ಪಟ್ಟಿಗೂ ಇಡೀ ಒಕ್ಕೂಟದ ಮೂರು ವರ್ಷದ ಹಾಲನ್ನು ಮತ್ತೆ ಅಳೆದಂತೆ. (ಹೊಸ ಆವೃತ್ತಿಗಳಲ್ಲಿ ಇದೇ ಜಾಗದಲ್ಲಿ `Parallel Seq Scan` ಎಂದು ಕಾಣಬಹುದು. ಇಬ್ಬರು ಮೂವರು ಕೂಡಿ ಓದುತ್ತಾರೆ, ಓದಬೇಕಾದದ್ದು ಮಾತ್ರ ಅಷ್ಟೇ ಇರುತ್ತದೆ.)

ಮೂರನೆಯ ಸಾಲಿನಲ್ಲಿ ಇನ್ನೊಂದು ಒಗಟಿಗೆ ಉತ್ತರವಿತ್ತು. ಎರಡು ವರ್ಷ ಚೆನ್ನಾಗಿದ್ದ ವರದಿ ಕೆಲವೇ ವಾರಗಳಲ್ಲಿ ಹೀಗೆ ಕುಸಿದದ್ದೇಕೆ? ಟೇಬಲ್ ದಿನವೂ ಸ್ವಲ್ಪಸ್ವಲ್ಪವೇ ಬೆಳೆದಿತ್ತಲ್ಲ. ಪೋಸ್ಟ್‌ಗ್ರೆಸ್ ಸಾಲುಗಳನ್ನು 8 ಕಿಲೋಬೈಟಿನ ಹಾಳೆಗಳಲ್ಲಿ ತುಂಬಿಡುತ್ತದೆ. ನಮ್ಮ ಒಂದು ಹಾಳೆಗೆ ಸುಮಾರು 70 ಸಾಲು ಹಿಡಿಯುತ್ತಿತ್ತು. ಹಾಗಾಗಿ ಇಡೀ ಟೇಬಲ್ 4 ಲಕ್ಷ 69 ಸಾವಿರ ಹಾಳೆ, ಅಂದರೆ 3.6 ಗಿಗಾಬೈಟ್. ಸರ್ವರಿನ ನೆನಪು 4 ಗಿಗಾಬೈಟ್, ಅದರಲ್ಲಿ ಬೇರೆ ಕೆಲಸಗಳ ಪಾಲೂ ಇದೆ. ಮೊದಲ ವರ್ಷದ ಕೊನೆಗೆ ಟೇಬಲ್ 1.2 ಗಿಗಾಬೈಟ್ ಇದ್ದಾಗ ಅದು ಪೂರ್ತಿಯಾಗಿ ನೆನಪಿನಲ್ಲೇ ಕೂರುತ್ತಿತ್ತು. ಆಗಲೂ ಪ್ರತಿ ವರದಿಗೆ ಒಂದು ಕೋಟಿ ಸಾಲು ಓದುತ್ತಲೇ ಇತ್ತು, ಆದರೆ ನೆನಪಿನಿಂದ ಓದುವುದು ಬಹಳ ವೇಗ. ಎರಡು ಸೆಕೆಂಡಿನಲ್ಲಿ ಮುಗಿಯುತ್ತಿತ್ತು, ಯಾರಿಗೂ ತಿಳಿಯಲಿಲ್ಲ. ಮೂರನೆಯ ವರ್ಷದಲ್ಲಿ ಟೇಬಲ್ ನೆನಪಿನ ಅಳತೆ ಮೀರಿತು. ಮೀರಿದ ಕೂಡಲೇ ಕೆಲಸ ಹಾರ್ಡ್ ಡಿಸ್ಕಿಗೆ ಇಳಿಯಿತು. ಇಲ್ಲಿ ಇನ್ನೊಂದು ಕಷ್ಟವಿದೆ. ಮೊದಲಿನಿಂದ ಕೊನೆಯವರೆಗೆ ಓದುತ್ತಾ ಹೋದಾಗ ಕೊನೆಯ ಹಾಳೆಗಳಿಗೆ ಜಾಗ ಮಾಡಲು ಮೊದಲ ಹಾಳೆಗಳನ್ನು ನೆನಪಿನಿಂದ ಹೊರಹಾಕಬೇಕಾಗುತ್ತದೆ. ಮುಂದಿನ ವರದಿ ಮತ್ತೆ ಮೊದಲ ಹಾಳೆಯಿಂದಲೇ ಶುರು. ಆದ್ದರಿಂದ ಅಳತೆ ಸ್ವಲ್ಪ ಮೀರಿದರೂ ಪೆಟ್ಟು ಸ್ವಲ್ಪಕ್ಕೇ ನಿಲ್ಲುವುದಿಲ್ಲ. ರೋಗ ಹುಟ್ಟಿದ್ದು ವ್ಯವಸ್ಥೆಯ ಮೊದಲ ದಿನ, ಹೊರಗೆ ಕಂಡದ್ದು ಮೂರನೆಯ ವರ್ಷ.

ಬಟವಾಡೆ ದಿನ ಇದಕ್ಕೆ ಇನ್ನೊಂದು ಸೇರುತ್ತದೆ. ಪಟ್ಟಿ ಬರದಿದ್ದಾಗ ಕಾರ್ಯದರ್ಶಿ ಏನು ಮಾಡುತ್ತಾರೆ? ಮತ್ತೆ ಗುಂಡಿ ಒತ್ತುತ್ತಾರೆ. ನಾನಿದ್ದರೂ ಒತ್ತುತ್ತಿದ್ದೆ. ಪರದೆಯ ಮೇಲೆ 504 ಬಂದದ್ದು ನಡುವಿನ ವೆಬ್ ಸರ್ವರ್ 60 ಸೆಕೆಂಡು ಕಾದು ಕೈಬಿಟ್ಟದ್ದರಿಂದ. ಹಿಂದೆ ಡೇಟಾಬೇಸಿಗೆ ಆ ವಿಷಯ ತಿಳಿದಿರುವುದಿಲ್ಲ, ಅದು ಮೊದಲ ಪ್ರಶ್ನೆಯನ್ನು ಇನ್ನೂ ಓದುತ್ತಲೇ ಇರುತ್ತದೆ. ಎರಡನೆಯ ಒತ್ತಿಗೆ ಎರಡನೆಯ ಓದು ಶುರು. ಇಪ್ಪತ್ತು ಸಂಘಗಳವರು ಮೂರು ಮೂರು ಸಲ ಒತ್ತಿದರೆ ಒಂದೇ ಡಿಸ್ಕಿನ ಮೇಲೆ ಅರವತ್ತು ಓದು. ಅಂದು ಬೆಳಿಗ್ಗೆ ಆದದ್ದು ಅದೇ.

ಹಾಗಾದರೆ ಓದದೆ ಹುಡುಕುವುದು ಹೇಗೆ? ಕಿಟ್ಟೆಲ್ ಅವರ ನಿಘಂಟನ್ನು ನೆನೆಯಿರಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸಾವಿರದ ಏಳುನೂರಕ್ಕೂ ಹೆಚ್ಚು ಪುಟಗಳ ಪುಸ್ತಕ. ಅದರಲ್ಲಿ 'ಬಟವಾಡೆ' ಹುಡುಕಲು ಯಾರೂ ಮೊದಲ ಪುಟದಿಂದ ಓದುವುದಿಲ್ಲ. ನಡುವೆ ಎಲ್ಲೋ ತೆರೆಯುತ್ತೇವೆ, 'ನ' ಕಂಡರೆ ಮುಂದೆ, 'ಮ' ಕಂಡರೆ ಹಿಂದೆ ಹೋಗುತ್ತೇವೆ. ಪ್ರತಿ ಸಲ ಅರ್ಧದಷ್ಟು ಪುಸ್ತಕ ಲೆಕ್ಕದಿಂದ ಹೊರಹೋಗುತ್ತದೆ. ಹನ್ನೊಂದು ಸಲ ತೆರೆದರೆ ಪುಟ ಸಿಕ್ಕೇ ಸಿಗುತ್ತದೆ. ಇದಕ್ಕೆ ಕಾರಣ ಪದಗಳು ಅಕಾರಾದಿಯಲ್ಲಿ ಇರುವುದೇ ಹೊರತು ನಮ್ಮ ಜಾಣತನವಲ್ಲ. ಅದೇ ನಿಘಂಟಿನಲ್ಲಿ 'ಗಾರ' ಎಂದು ಕೊನೆಯಾಗುವ ಪದಗಳನ್ನೆಲ್ಲ ಹೆಕ್ಕಿ ಎಂದು ಯಾರಾದರೂ ಕೇಳಿದರೆ? ಹಾಡುಗಾರ, ಸಾಲಗಾರ, ಕೆಲಸಗಾರ ಎಲ್ಲ ಒಂದೊಂದು ಮೂಲೆಯಲ್ಲಿ ಇದ್ದಾರೆ. ಆ ಪ್ರಶ್ನೆಗೆ ಅಕಾರಾದಿಯಿಂದ ಉಪಯೋಗವಿಲ್ಲ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಲೇಬೇಕು.

ಡೇಟಾಬೇಸಿನ ಟೇಬಲ್ ಅಕಾರಾದಿಯಲ್ಲಿ ಇರುವುದಿಲ್ಲ. ಬಂದ ಬಂದ ಸಾಲು ಬಂದಂತೆ ಕೂರುತ್ತದೆ. ಆದ್ದರಿಂದ ಅದರ ಪಕ್ಕದಲ್ಲಿ ಬೇರೆಯದೇ ಒಂದು ಸೂಚಿ ಕಟ್ಟುತ್ತಾರೆ. ಪುಸ್ತಕದ ಕೊನೆಯ ಪದಸೂಚಿಯ ಹಾಗೆ, ಆಯ್ದ ಒಂದೆರಡು ಅಂಕಣಗಳ ಬೆಲೆ ಕ್ರಮವಾಗಿ, ಪ್ರತಿಯೊಂದರ ಎದುರು ಆ ಸಾಲು ಯಾವ ಹಾಳೆಯಲ್ಲಿದೆ ಎಂಬ ಗುರುತು. ಇದೇ ಇಂಡೆಕ್ಸ್. ಇಂದು ಹೆಚ್ಚಿನ ಡೇಟಾಬೇಸುಗಳಲ್ಲಿ ಇದನ್ನು ಕಟ್ಟುವ ರೀತಿಗೆ ಬಿ-ಟ್ರೀ ಎಂದು ಹೆಸರು. ಬೋಯಿಂಗ್ ವಿಮಾನ ಕಂಪನಿಯ ಸಂಶೋಧನಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಇದನ್ನು ರೂಪಿಸಿದರು. ಅವರ ಪ್ರಬಂಧ ಅಚ್ಚಾದದ್ದು 1972ರಲ್ಲಿ. 'ಬಿ' ಎಂದರೆ ಏನು ಎಂದು ಅದರಲ್ಲಿ ಹೇಳಿಲ್ಲ.

ಅದರ ಸೊಗಸು ಲೆಕ್ಕದಲ್ಲಿದೆ. ನಮ್ಮ ಸಂಗತಿಯಲ್ಲಿ ಸೂಚಿಯ ಒಂದು ಹಾಳೆಗೆ ಸುಮಾರು 290 ನಮೂದು ಹಿಡಿಯುತ್ತದೆ. ಎಲ್ಲಕ್ಕಿಂತ ಮೇಲಿನ ಹಾಳೆ ಕೆಳಗಿನ 290 ಹಾಳೆಗಳಿಗೆ ದಾರಿ ತೋರಿಸುತ್ತದೆ, ಅವು ಒಂದೊಂದೂ ಮತ್ತೆ 290ಕ್ಕೆ. ಮೂರು ಮಜಲಿಗೆ 2 ಕೋಟಿ 44 ಲಕ್ಷ ಸಾಲು ಹಿಡಿದೀತು. ನಮ್ಮದು ಅದನ್ನು ದಾಟಿದ್ದರಿಂದ ನಾಲ್ಕು ಮಜಲು ಬೇಕು. ಅಂದರೆ ಬೇಕಾದ ಜಾಗ ತಲುಪಲು ಓದಬೇಕಾದದ್ದು ನಾಲ್ಕು ಹಾಳೆ. ಇನ್ನು ನಾಲ್ಕು ಮಜಲಿನ ಮಿತಿ 700 ಕೋಟಿ ಸಾಲು, ಈ ಒಕ್ಕೂಟ ಆರುನೂರು ವರ್ಷ ಹಾಲು ಅಳೆದರೂ ಐದನೆಯ ಮಜಲು ಬೇಕಾಗದು. 4 ಲಕ್ಷ 69 ಸಾವಿರ ಹಾಳೆ ಒಂದು ಕಡೆ, ನಾಲ್ಕು ಹಾಳೆ ಇನ್ನೊಂದು ಕಡೆ. ಈ ಅಂತರವನ್ನು ಮೊದಲ ಸಲ ಕೈಯಾರೆ ಲೆಕ್ಕ ಹಾಕಿದಾಗ ನನಗಾದ ಬೆರಗು ಇನ್ನೂ ಆರಿಲ್ಲ.

ಇಷ್ಟು ತಿಳಿದಿದ್ದೂ ನಾವು ಒಂದು ತಪ್ಪು ಮಾಡಿದೆವು. `Seq Scan` ಕಂಡ ರಾತ್ರಿಯೇ ಅವಸರದಲ್ಲಿ `society_id` ಅಂಕಣಕ್ಕೆ ಒಂದು ಇಂಡೆಕ್ಸ್ ಕಟ್ಟಿದೆವು. ಸಂಘದ ಸಂಖ್ಯೆ ಕೊಟ್ಟರೆ ಆ ಸಂಘದ ಸಾಲು ಸಿಗುತ್ತದೆ, ಇನ್ನೇನು ಬೇಕು? ಬೆಳಿಗ್ಗೆ ನೋಡಿದರೆ 48 ಸೆಕೆಂಡಿದ್ದದ್ದು 31ಕ್ಕೆ ಇಳಿದಿತ್ತು. ಅಷ್ಟೇ.

ಕಾರಣ ಹುಡುಕಿದಾಗ ಕಂಡದ್ದು ಹೀಗೆ. 118ನೆಯ ಸಂಘದ ಮೂರು ವರ್ಷದ ಸಾಲುಗಳು 1 ಲಕ್ಷ 64 ಸಾವಿರ. ಸೂಚಿ ಅವನ್ನೆಲ್ಲ ಬೇಗ ಪತ್ತೆ ಮಾಡಿಕೊಡುತ್ತದೆ, ಸರಿ. ಆದರೆ ಅವು ಟೇಬಲ್ಲಿನಲ್ಲಿ ಒಟ್ಟಿಗೆ ಕೂತಿಲ್ಲ. ಬೆಳಿಗ್ಗೆ ಆರೂವರೆಗೆ ಇನ್ನೂರು ಊರಿನಲ್ಲಿ ಒಂದೇ ಹೊತ್ತಿಗೆ ಹಾಲು ಅಳೆಯುತ್ತಾರೆ, ಇನ್ನೂರು ಯಂತ್ರಗಳಿಂದ ಒಂದರ ಹಿಂದೆ ಒಂದು ಸಾಲು ಬರುತ್ತದೆ. ಒಂದು ಹಾಳೆಯ ಎಪ್ಪತ್ತು ಸಾಲಿನಲ್ಲಿ ಐವತ್ತರವತ್ತು ಊರಿನ ಹಾಲು ಕಲೆತಿರುತ್ತದೆ. ಹೀಗೆ ಹರಡಿದ 1 ಲಕ್ಷ 64 ಸಾವಿರ ಸಾಲನ್ನು ಎತ್ತಲು ಹತ್ತಿರ ಹತ್ತಿರ 1 ಲಕ್ಷ 38 ಸಾವಿರ ಹಾಳೆ ತೆರೆಯಬೇಕು. ಟೇಬಲ್ಲಿನ ಮೂರರಲ್ಲೊಂದು ಪಾಲು! ತಂದದ್ದರಲ್ಲಿ ಜೂನ್ ತಿಂಗಳ ಮೊದಲ ಹದಿನೈದು ದಿನ ಬಿಟ್ಟು ಉಳಿದದ್ದನ್ನು ಮತ್ತೆ ಎಸೆಯಬೇಕು. ಇಂಡೆಕ್ಸ್ ಇದೆಯೇ ಇಲ್ಲವೇ ಎಂದು ಕೇಳಿದರೆ ಇದೆ ಎನ್ನಬೇಕು. ಆದರೆ ಅದು ಈ ಪ್ರಶ್ನೆಗೆ ಹೊಂದುವ ಇಂಡೆಕ್ಸ್ ಅಲ್ಲ.

ಆಗ ನಮ್ಮ ತಂಡದ ಹಿರಿಯರೊಬ್ಬರು ಟೇಬಲ್ಲಿನ ವಿವರ ತೆರೆದು ಕೇಳಿದರು: "ತಾರೀಖಿನ ಮೇಲೆ ಆಗಲೇ ಒಂದು ಇಂಡೆಕ್ಸ್ ಇದೆಯಲ್ಲಪ್ಪಾ, ಅದನ್ನ್ಯಾಕೆ ಮುಟ್ಟುತ್ತಾ ಇಲ್ಲ?" ನಿಜ. `collected_at` ಅಂಕಣಕ್ಕೆ ಮೊದಲಿನಿಂದಲೂ ಇಂಡೆಕ್ಸ್ ಇತ್ತು. ಹದಿನೈದು ದಿನ ಎಂದರೆ ಎಲ್ಲ ಸಂಘಗಳದ್ದೂ ಸೇರಿ ನಾಲ್ಕೂವರೆ ಲಕ್ಷ ಸಾಲು, ಅವು ಬಂದ ಕ್ರಮದಲ್ಲೇ ಕೂತಿರುವುದರಿಂದ ಒತ್ತೊತ್ತಾಗಿರುವ ಆರೂವರೆ ಸಾವಿರ ಹಾಳೆ. ಅದನ್ನು ಬಳಸಿದ್ದರೂ ಸಾಕಿತ್ತು.

ತಡೆದದ್ದು `to_char`. ಕ್ವೆರಿಯನ್ನು ಮತ್ತೊಮ್ಮೆ ನೋಡಿ. ಅದು `collected_at` ಎಷ್ಟು ಎಂದು ಕೇಳುತ್ತಿಲ್ಲ. `collected_at` ಅನ್ನು '2017-06-01' ಎಂಬಂಥ ಅಕ್ಷರಗಳಾಗಿ ಬದಲಿಸಿದರೆ ಏನು ಬರುತ್ತದೋ ಅದು ಎಷ್ಟು ಎಂದು ಕೇಳುತ್ತಿದೆ. ಸೂಚಿಯಲ್ಲಿ ಇರುವುದು ಮೂಲ ಸಮಯಗಳ ಕ್ರಮ. ಬದಲಿಸಿದ ಮೇಲಿನ ಅಕ್ಷರಗಳೂ ಅದೇ ಕ್ರಮದಲ್ಲಿರುತ್ತವೆ ಎಂದು ನಮಗೆ ಗೊತ್ತು, ಡೇಟಾಬೇಸಿಗೆ ಗೊತ್ತಿಲ್ಲ. ಒಂದು ಫಂಕ್ಷನ್ ಒಳಗೆ ಏನು ಹಾಕಿದರೆ ಏನು ಬರುತ್ತದೆ ಎಂದು ಅದು ಊಹಿಸುವುದಿಲ್ಲ. ಆದ್ದರಿಂದ ಪ್ರತಿ ಸಾಲನ್ನೂ ಎತ್ತಿ, ಬದಲಿಸಿ, ಹೋಲಿಸಿಯೇ ತೀರ್ಮಾನಿಸಬೇಕು. 'ಗಾರ' ಎಂದು ಕೊನೆಯಾಗುವ ಪದ ಹುಡುಕಿದ ಹಾಗೆ. ಹಾಗಾದರೆ `to_char` ಮಾಡಿದ ಬೆಲೆಗೇ ಇಂಡೆಕ್ಸ್ ಕಟ್ಟೋಣವೆಂದು ಪ್ರಯತ್ನಿಸಿದೆವು. ಪೋಸ್ಟ್‌ಗ್ರೆಸ್ ಒಪ್ಪಲಿಲ್ಲ. `to_char` ತಿಂಗಳ ಹೆಸರನ್ನೂ ಬರೆಯಬಲ್ಲದು, ಅದು ಭಾಷೆಯ ಸೆಟ್ಟಿಂಗ್ ಬದಲಾದರೆ ಬದಲಾಗುತ್ತದೆ. ನಾಳೆ ಬೇರೆಯಾಗಬಹುದಾದ ಬೆಲೆಯ ಮೇಲೆ ಸೂಚಿ ಕಟ್ಟಲು ಅದು ಬಿಡುವುದಿಲ್ಲ.

ಮೊದಲು ಇದನ್ನು ಬರೆದವರು ಅಜ್ಞಾನದಿಂದ ಬರೆದಿರಲಿಲ್ಲ ಎಂದು ಹೇಳಬೇಕು. `collected_at` ನಲ್ಲಿ ತಾರೀಖಿನ ಜೊತೆ ಗಂಟೆಯೂ ಇದೆ. 'ಜೂನ್ 15ರವರೆಗೆ' ಎಂದು ಬರೆದರೆ ಡೇಟಾಬೇಸ್ ಅದನ್ನು 15ರ ನಡುರಾತ್ರಿ ಹನ್ನೆರಡು, ಅಂದರೆ ದಿನ ಶುರುವಾಗುವ ಕ್ಷಣ ಎಂದು ತಿಳಿಯುತ್ತದೆ. ಹದಿನೈದನೆಯ ತಾರೀಖಿನ ಎರಡೂ ಹೊತ್ತಿನ ಹಾಲು ಲೆಕ್ಕದಿಂದ ಬಿಟ್ಟುಹೋಗುತ್ತದೆ, 75 ಮನೆಯವರಿಗೆ ಒಂದು ದಿನದ ದುಡ್ಡು ಖೋತಾ. ಆ ತಪ್ಪಾಗದಿರಲಿ ಎಂದೇ ಅವರು ಗಂಟೆಯನ್ನು ಕತ್ತರಿಸಿ ತಾರೀಖನ್ನಷ್ಟೇ ಉಳಿಸಿಕೊಳ್ಳಲು `to_char` ಹಾಕಿದ್ದರು. ಕಾಳಜಿ ಸರಿಯಾದದ್ದೇ. ಅದೇ ಕಾಳಜಿಯನ್ನು ಇಂಡೆಕ್ಸಿಗೆ ಅಡ್ಡಿಯಾಗದಂತೆ ಹೀಗೆ ಬರೆಯಬಹುದು:

```sql
WHERE society_id = 118
  AND collected_at >= '2017-06-01'
  AND collected_at <  '2017-06-16'
```

ಹದಿನಾರನೆಯ ತಾರೀಖು ಹುಟ್ಟುವುದಕ್ಕೆ ಮುಂಚೆ ಬಂದದ್ದೆಲ್ಲ. 15ರ ಸಂಜೆಯ ಕೊನೆಯ ಕ್ಯಾನ್ ಕೂಡ ಒಳಗೆ. ಅಂಕಣವನ್ನು ಯಾವುದೂ ಸುತ್ತಿಕೊಂಡಿಲ್ಲ. ಹಳೆಯ ಕ್ವೆರಿಯ ಮೊತ್ತಕ್ಕೂ ಹೊಸದರ ಮೊತ್ತಕ್ಕೂ ಹತ್ತು ಸಂಘಗಳ ಲೆಕ್ಕ ತಾಳೆ ನೋಡಿದೆವು, ಪೈಸೆಯೂ ವ್ಯತ್ಯಾಸವಿರಲಿಲ್ಲ. ಸಮಯ ಮಾತ್ರ ಒಂದು ಸೆಕೆಂಡಿನ ಒಳಗೆ ಬಂತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಕಾರ್ಯದರ್ಶಿಗಳು ಬಟವಾಡೆ ಪಟ್ಟಿಯೊಂದನ್ನೇ ಕೇಳುವುದಿಲ್ಲ. ವರ್ಷದ ಕೊನೆಗೆ ಬೋನಸ್ ಹಂಚುವಾಗ ತಮ್ಮ ಸಂಘದ ಇಡೀ ವರ್ಷದ ಲೆಕ್ಕ ಬೇಕು. ತಾರೀಖಿನ ಇಂಡೆಕ್ಸ್ ಒಂದೇ ಇದ್ದರೆ ಆಗ ಎಲ್ಲ ಊರುಗಳ ಒಂದು ಕೋಟಿ ಹತ್ತು ಲಕ್ಷ ಸಾಲು ಓದಿ 55 ಸಾವಿರ ಸಾಲು ಆರಿಸಬೇಕು. ಹಳೆಯ ಕಥೆಯೇ ಮತ್ತೆ. ಸಂಘ, ತಾರೀಖು ಎರಡನ್ನೂ ಸೇರಿಸಿ ಒಂದೇ ಸೂಚಿ ಕಟ್ಟಿದರೆ ಮಾತು ಬೇರೆ. ಇಲ್ಲಿ ಯಾವುದು ಮೊದಲು ಎಂಬುದರ ಮೇಲೆ ಎಲ್ಲ ನಿಂತಿದೆ. ಸಂಘ ಮೊದಲು, ತಾರೀಖು ಆಮೇಲೆ ಎಂದರೆ, 118ನೆಯ ಸಂಘದ ನಮೂದುಗಳೆಲ್ಲ ಒಟ್ಟಿಗೆ, ಅದರೊಳಗೆ ತಾರೀಖಿನ ಕ್ರಮ. ಜೂನ್ 1ಕ್ಕೆ ನೇರ ಹೋಗಿ ನಿಂತು 16 ಕಾಣುವವರೆಗೆ ಓದಿದರೆ ಮುಗಿಯಿತು, ಬೇಡದ ಒಂದು ನಮೂದೂ ನಡುವೆ ಸಿಗುವುದಿಲ್ಲ. ತಾರೀಖು ಮೊದಲು, ಸಂಘ ಆಮೇಲೆ ಎಂದು ತಿರುಗಿಸಿದರೆ? ಪ್ರತಿ ಕ್ಷಣದ ನಮೂದಿನ ಒಳಗೆ ಊರುಗಳು ಚದುರಿರುತ್ತವೆ, ಹದಿನೈದು ದಿನದ ನಾಲ್ಕೂವರೆ ಲಕ್ಷ ನಮೂದನ್ನೂ ದಾಟಲೇಬೇಕು. ಸಮಾನವಾಗಿ ಕೇಳುವುದು ಮೊದಲು, 'ಇಲ್ಲಿಂದ ಇಲ್ಲಿಯವರೆಗೆ' ಎಂದು ಕೇಳುವುದು ಆಮೇಲೆ. ನಮ್ಮ ಪ್ರಶ್ನೆಯಲ್ಲಿ ಸಂಘ ಒಂದೇ, ತಾರೀಖು ಹರವು. ಹಾಗಾಗಿ ಸಂಘ ಮುಂದೆ ಬರಬೇಕು.

```sql
CREATE INDEX CONCURRENTLY collection_society_time
ON collection (society_id, collected_at);
```

ಆ `CONCURRENTLY` ಎಂಬ ಪದವನ್ನು ಮರೆತರೆ ಇಂಡೆಕ್ಸ್ ಕಟ್ಟಿ ಮುಗಿಯುವವರೆಗೆ ಟೇಬಲ್ಲಿಗೆ ಹೊಸ ಸಾಲು ಸೇರುವುದಿಲ್ಲ. ಓದಬಹುದು, ಬರೆಯುವಂತಿಲ್ಲ. ಬೆಳಿಗ್ಗೆ ಹಾಲಿನ ಹೊತ್ತಿನಲ್ಲಿ ಹಾಗಾದರೆ ಇನ್ನೂರು ಊರಿನ ಯಂತ್ರಗಳು ಸಾಲುಗಟ್ಟಿ ಕಾಯುತ್ತವೆ, ಅವುಗಳ ಹಿಂದೆ ಕ್ಯಾನ್ ಹಿಡಿದ ಜನ. ಆ ಪದ ಸೇರಿಸಿದರೆ ಬರೆಯುವ ಕೆಲಸ ನಡೆಯುತ್ತಿರುವಾಗಲೇ ಇಂಡೆಕ್ಸ್ ಬೆಳೆಯುತ್ತದೆ, ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ. ನಮ್ಮದು ಒಂದು ಕಡೆ ನಿಂತೇಬಿಟ್ಟಿತು. ನೋಡಿದರೆ, ಹಿಂದಿನ ದಿನ ಯಾರೋ ತೆರೆದು ಮುಗಿಸದೆ ಬಿಟ್ಟ ಒಂದು ಟ್ರಾನ್ಸಾಕ್ಷನ್ ಹಾಗೇ ಉಳಿದಿತ್ತು, ಅದು ಮುಗಿಯಲಿ ಎಂದು ಇದು ಕಾಯುತ್ತಿತ್ತು. ಅದನ್ನು ಮುಚ್ಚಿದ ಮೇಲೆ ಮುಂದೆ ಹೋಯಿತು. ನಡುವೆ ಕೆಲಸ ಕೆಟ್ಟು ನಿಂತರೆ ಅರ್ಧ ಕಟ್ಟಿದ ಇಂಡೆಕ್ಸ್ `INVALID` ಎಂಬ ಗುರುತಿನೊಂದಿಗೆ ಉಳಿದುಬಿಡುತ್ತದೆ. ಹುಡುಕುವಾಗ ಉಪಯೋಗಕ್ಕೆ ಬರುವುದಿಲ್ಲ, ಬರೆಯುವಾಗ ಭಾರ ಮಾತ್ರ ಹೊರಿಸಬಹುದು. ಅದನ್ನು ಅಳಿಸಿ ಮತ್ತೆ ಕಟ್ಟಬೇಕು.

ಮುಗಿದ ಮೇಲೆ 118ನೆಯ ಸಂಘದ ಪಟ್ಟಿ ಕೇಳಿದೆವು. ಈಗ `Rows Removed by Filter` ಎಂಬ ಸಾಲೇ ಇರಲಿಲ್ಲ, ಬಿಸಾಡುವಂಥದ್ದು ಏನೂ ಓದಿರಲಿಲ್ಲವಲ್ಲ. ತೆರೆದ ಹಾಳೆ ಎರಡು ಸಾವಿರದೊಳಗೆ. ಹಿಡಿದ ಸಮಯ 40 ಮಿಲಿಸೆಕೆಂಡು.

ಇದು ಬಿಟ್ಟಿ ಸಿಕ್ಕಿದ್ದಲ್ಲ. ಹೊಸ ಇಂಡೆಕ್ಸ್ ಡಿಸ್ಕಿನಲ್ಲಿ ಒಂದು ಗಿಗಾಬೈಟಿನಷ್ಟು ಜಾಗ ಹಿಡಿಯಿತು, ಟೇಬಲ್ಲಿನ ಕಾಲು ಭಾಗಕ್ಕೂ ಹೆಚ್ಚು. ಪ್ರತಿ ಹೊಸ ಸಾಲು ಬಂದಾಗ ಟೇಬಲ್ಲಿನಲ್ಲಿ ಬರೆದದ್ದಲ್ಲದೆ ಪ್ರತಿಯೊಂದು ಇಂಡೆಕ್ಸಿನಲ್ಲೂ ಸರಿಯಾದ ಜಾಗ ಹುಡುಕಿ ನಮೂದು ಸೇರಿಸಬೇಕು. ದಿನಕ್ಕೆ 30,000 ಸಾಲಿಗೆ ಅದು ಹೊರೆಯಲ್ಲ. ಆದರೆ ಒಂದು ವರದಿ ನಿಧಾನವಾದಾಗಲೆಲ್ಲ ಒಂದೊಂದು ಇಂಡೆಕ್ಸ್ ಕಟ್ಟುತ್ತಾ ಹೋದ ಟೇಬಲ್ಲುಗಳನ್ನು ನಾನು ನೋಡಿದ್ದೇನೆ, ಹದಿನಾಲ್ಕು ಇಂಡೆಕ್ಸ್ ಹೊತ್ತು ಒಂದು ಸಾಲು ಸೇರಿಸಲು ತಿಣುಕುವಂಥವು. ಅವಸರದಲ್ಲಿ ಕಟ್ಟಿದ `society_id` ಇಂಡೆಕ್ಸನ್ನು ಆ ವಾರವೇ ತೆಗೆದುಹಾಕಿದೆವು. ಹೊಸ ಸೂಚಿಯಲ್ಲೂ ಸಂಘವೇ ಮೊದಲಿರುವುದರಿಂದ ಅದರ ಕೆಲಸವನ್ನು ಇದೇ ಮಾಡುತ್ತದೆ.

ಇನ್ನೊಂದು ವರದಿ ಮಾತ್ರ ಯಾವ ಇಂಡೆಕ್ಸಿಗೂ ಬಗ್ಗಲಿಲ್ಲ. ಇಡೀ ಒಕ್ಕೂಟದಲ್ಲಿ ವರ್ಷಕ್ಕೆ ಎಷ್ಟು ಹಾಲು ಬಂತು, ಸಂಘವಾರು, ತಿಂಗಳುವಾರು. ಅದಕ್ಕೆ ಒಂದು ಕೋಟಿ ಹತ್ತು ಲಕ್ಷ ಸಾಲೂ ನಿಜವಾಗಿಯೇ ಬೇಕು. ಬೇಕಾದದ್ದೇ ಅಷ್ಟಿರುವಾಗ ಸೂಚಿ ತಿರುವಿ ಒಂದೊಂದು ಹಾಳೆಗೆ ಹಾರುವುದಕ್ಕಿಂತ ಸಾಲಾಗಿ ಓದುವುದೇ ಅಗ್ಗ, ಡೇಟಾಬೇಸ್ ಅದನ್ನು ಲೆಕ್ಕ ಹಾಕಿ ಬೇಕೆಂದೇ ದೊಡ್ಡ ಓದನ್ನು ಆರಿಸುತ್ತದೆ. ಅಲ್ಲಿ `Seq Scan` ಕಂಡರೆ ಗಾಬರಿ ಬೇಡ. ಅದಕ್ಕೆ ನಾವು ಹೂಡಿದ್ದು ಬೇರೆ ದಾರಿ. ಪ್ರತಿ ಸಂಘದ ಪ್ರತಿ ಹೊತ್ತಿನ ಒಟ್ಟು ಲೀಟರ್, ಒಟ್ಟು ಮೊತ್ತವನ್ನು ರಾತ್ರಿ ಕೂಡಿಸಿ ಬೇರೊಂದು ಚಿಕ್ಕ ಟೇಬಲ್ಲಿನಲ್ಲಿ ಇಟ್ಟೆವು. ದಿನಕ್ಕೆ 400 ಸಾಲು, ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಆದರೆ ಕಾರ್ಯದರ್ಶಿಗಳು ಬಟವಾಡೆಗೆ ಮುಂಚೆ ಹಿಂದಿನ ದಿನಗಳ ಫ್ಯಾಟ್ ತಪ್ಪಾಗಿದ್ದರೆ ತಿದ್ದುತ್ತಾರೆ, ಆಗ ಕೂಡಿಸಿಟ್ಟ ಮೊತ್ತ ಹಳೆಯದಾಗುತ್ತದೆ. ಹಾಗಾಗಿ ಪ್ರತಿ ರಾತ್ರಿ ಹಿಂದಿನ ಇಪ್ಪತ್ತು ದಿನದ ಲೆಕ್ಕವನ್ನು ಅಳಿಸಿ ಮತ್ತೆ ಕೂಡಿಸುವಂತೆ ಮಾಡಿದೆವು. ಆ ಇಪ್ಪತ್ತು ದಿನವನ್ನು ಬೇಗ ಹುಡುಕಿಕೊಡುವುದು, ಮೊದಲಿನಿಂದ ಸುಮ್ಮನೆ ಕೂತಿದ್ದ ತಾರೀಖಿನ ಇಂಡೆಕ್ಸ್.